ಅಂಕೋಲಾ ಬ್ರಾಂಚಿನ ಸುದ್ದಿ ಹೇಳೋಕೆ ಯಾವುದು ಒಳ್ಳೇದು: ಬಲ್ಕ್ ಎಸ್ಸೆಮ್ಮೆಸ್ಸಾ, ಗ್ರೂಪಾ, ಬ್ರಾಡ್‌ಕಾಸ್ಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟ್ಸಾಪ್ ಬ್ರಾಡ್‌ಕಾಸ್ಟಿಗೆ. ಬಲ್ಕ್ ಎಸ್ಸೆಮ್ಮೆಸ್ಸಿಗೆ ದುಡ್ಡು ಕೊಟ್ಟ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ, ತೊಡದೇವು ಮಾರುವ ಅಂಗಡಿ. ಈಗ ಅಂಕೋಲಾದ ಬಾಳೆಗುಳಿ ಕ್ರಾಸ್ ಹತ್ತಿರ, ಹೆದ್ದಾರಿ ಬದಿಯಲ್ಲೇ ಇನ್ನೊಂದು ಅಂಗಡಿ ಮಾಡಿದ್ದೇವೆ. ಜನರಿಗೆ ಗೊತ್ತಾಗಬೇಕಾದ್ದು ಮೂರೇ ವಿಷಯ: ಎಲ್ಲಿ, ಯಾವತ್ತು, ಶುರುವಿನ ವಾರಕ್ಕೆ ಏನು ಕೊಡುತ್ತೇವೆ. ಇಷ್ಟು ಹೇಳುವಾಗಲೂ ಲೋನ್ ಮೆಸೇಜಿನ ವಾಸನೆ ಹೊಡೆಯಬಾರದು ಅಂದ್ರೆ ಅದೇ ಕಷ್ಟ.

ಎಸ್ಸೆಮ್ಮೆಸ್ ಪ್ಯಾಕ್ ಮಾರಿದವರು ಫೋನಿನಲ್ಲಿ ಬಹಳ ಸಲೀಸಾಗಿ ಮಾತಾಡಿದರು. ದುಡ್ಡು ಹೋದ ಮೇಲೆ ಒಂದೊಂದೇ ಹೊರಬಂತು. ಜಾಹೀರಾತು ಎಸ್ಸೆಮ್ಮೆಸ್ ಕಳಿಸಬೇಕಾದರೆ ಡಿಎಲ್‌ಟಿ ಅಂತ ಟೆಲಿಕಾಂ ಕಂಪನಿಗಳ ವ್ಯವಸ್ಥೆಯಲ್ಲಿ ಅಂಗಡಿಯನ್ನು ನೋಂದಾಯಿಸಬೇಕು, ಕಳಿಸುವವರ ಹೆಸರು ಮಂಜೂರಾಗಬೇಕು, ಮೆಸೇಜಿನ ಒಕ್ಕಣೆಯೂ ಮೊದಲೇ ಮಂಜೂರಾಗಬೇಕು, ಒಳಗಿರುವ ಲಿಂಕನ್ನೂ ಬೇರೆ ದಾಖಲಿಸಬೇಕು. ತಪ್ಪಲ್ಲ, ಮೋಸದ ಮೆಸೇಜು ತಡೆಯೋಕೆ ಮಾಡಿದ ನಿಯಮ. ಆದರೆ ಒಂದು ಸಲ ಬಾಗಿಲು ತೆರೆಯುವ ಸುದ್ದಿ ಹೇಳೋಕೆ ಇಷ್ಟು ಓಡಾಟ ಯಾರಿಗೆ ಬೇಕು? ಮೇಲಿಂದ ಕನ್ನಡದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ ಮಾತ್ರ, ಇಂಗ್ಲಿಷಿನಲ್ಲಾದರೆ 160. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಾ ಬೇರೆ ಬೇರೆ ಎಣಿಕೆ. ಅಪ್ಪೆಮಿಡಿ ಅಂದ್ರೆ ಕಣ್ಣಿಗೆ ನಾಲ್ಕು ಅಕ್ಷರ, ಅವರ ಲೆಕ್ಕದಲ್ಲಿ ಒಂಬತ್ತು. ವಿಳಾಸ, ತಾರೀಕು, ಆಫರ್ ಸೇರಿಸುವಷ್ಟರಲ್ಲಿ ಒಂದು ಮೆಸೇಜು ಮೂರಾಗಿ, ದುಡ್ಡೂ ಮೂರರದ್ದು. ಡಿಎನ್‌ಡಿ ಹಾಕಿಕೊಂಡವರಿಗೆ ಅದೂ ಹೋಗುವುದಿಲ್ಲ. ಹೋದವರಿಗೆ ನಮ್ಮ ನಂಬರಿನಿಂದ ಹೋಗಲಿಲ್ಲ, ಯಾವುದೋ ಕೋಡಿನ ಥರದ ಹೆಸರಿನಿಂದ ಹೋಯಿತು. "ನಿಮ್ಮದು ಅಂತ ಗೊತ್ತೇ ಆಗಲಿಲ್ಲ ಅಕ್ಕ, ನೋಡದೇ ಅಳಿಸಿಬಿಟ್ಟೆ" ಅಂದರು ಹಳೇ ಗಿರಾಕಿಯೊಬ್ಬರು.

ಗ್ರೂಪಿಗೆ ಪೋಸ್ಟರ್ ಹಾಕುವುದು ಪುಕ್ಕಟೆ. ತಮ್ಮ ಬಣ್ಣಬಣ್ಣದ್ದೊಂದು ಮಾಡಿಸಿ ಊರ ಗ್ರೂಪುಗಳಿಗೆಲ್ಲ ಬಿಟ್ಟ. ಚಿತ್ರದೊಳಗಿನ ಲಿಂಕ್ ಒತ್ತಿದರೆ ತೆರೆಯುವುದಿಲ್ಲ ಅಲ್ವಾ? ಆಮೇಲೆ ಅದು ಕೈಯಿಂದ ಕೈಗೆ ದಾಟಿದ ಹಾಗೆ "ಹಲವು ಬಾರಿ ಫಾರ್ವರ್ಡ್ ಆಗಿದೆ" ಅನ್ನೋ ಜೋಡಿ ಬಾಣದ ಗುರುತು ಬೀಳುತ್ತದೆ. ಆ ಗುರುತು ಬಿದ್ದ ಮೇಲೆ ಅದು ನಮ್ಮ ಸುದ್ದಿ ಅಲ್ಲ, ಊರಿನ ಕಸ.

ಪೇಪರಿನೊಳಗೆ ಇಡುವ ಹ್ಯಾಂಡ್‌ಬಿಲ್: ಅಂಕೋಲಾ ಪೇಟೆಗೆ ಪರವಾಗಿಲ್ಲ, ಆದರೆ ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಸಿಗುವುದೇ ಇಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರ ನನಗೊಬ್ಬಳಿಗೇ ಬರುತ್ತದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದನ್ನು ಎಲ್ಲರೂ ಕೊರತೆ ಅನ್ನುತ್ತಾರೆ. ನನಗೆ ಇದೇ ಜರಡಿ. ಸೇವ್ ಮಾಡಿಕೊಂಡವರು ಅಂದ್ರೆ ನಮ್ಮ ಹತ್ತಿರ ಒಮ್ಮೆಯಾದರೂ ಪಾರ್ಸೆಲ್ ತರಿಸಿದವರು. ಅದರಲ್ಲೂ ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾದವರನ್ನಷ್ಟೇ ಆರಿಸಿದೆ. ಸಿದ್ದಾಪುರದವರಿಗೆ ಅಂಕೋಲಾ ಅಂಗಡಿಯ ಸುದ್ದಿ ಯಾಕೆ? ಸ್ಪ್ಯಾಮ್ ಅನ್ನಿಸುವುದು ಒಕ್ಕಣೆಗಿಂತ ಜಾಸ್ತಿ ಇಲ್ಲೇ, ಸಂಬಂಧ ಇಲ್ಲದವರ ಫೋನಿಗೆ ಹೋಗಿ ಬಿದ್ದಾಗ.

ಇಷ್ಟಾದರೂ ಒಂದು ತಲೆನೋವು ಬಿಡಲಿಲ್ಲ. ಅದು ಮ್ಯಾಪಿನಲ್ಲಿ ಅಂಗಡಿಯ ಜಾಗ ತೋರಿಸುವ ಪಿನ್.

ವಾಟ್ಸಾಪಿನಲ್ಲಿ ಈಗಿನ ಜಾಗ ಕಳಿಸುವಾಗ ಕೆಳಗೆ ಸಣ್ಣಕ್ಷರದಲ್ಲಿ ಇಷ್ಟು ಮೀಟರ್ ನಿಖರ ಅಂತ ತೋರಿಸುತ್ತದೆ, ಅದನ್ನು ಯಾರೂ ಓದುವುದಿಲ್ಲ. ತಗಡಿನ ಮಾಡಿನ ಕೆಳಗೆ ನಿಂತು ಕಳಿಸಿದರೆ ಇಪ್ಪತ್ತು ಮೂವತ್ತು ಮೀಟರ್ ಆಚೀಚೆ ಆಗುತ್ತದೆ. ಶಿರಸಿ ಪೇಟೆಯೊಳಗೆ ಅಷ್ಟು ಆಚೀಚೆ ಆದರೆ ಪಕ್ಕದ ಅಂಗಡಿಯವರನ್ನು ಕೇಳಿದರಾಯಿತು. ನಾಲ್ಕು ಪಥದ ಹೆದ್ದಾರಿಯಲ್ಲಿ ಹಾಗಲ್ಲ, ಪಿನ್ ಡಿವೈಡರಿನ ಆಚೆ ಬಿತ್ತು. ಮ್ಯಾಪು ಎಲ್ಲರನ್ನೂ ಕುಮಟಾ ಕಡೆಗೆ ಹೋಗುವ ರಸ್ತೆಗೆ ಕರೆದುಕೊಂಡು ಹೋಯಿತು. ನಮ್ಮ ಬೋರ್ಡು ಎದುರಿಗೇ ಕಾಣುತ್ತದೆ, ದಾಟೋಕೆ ಆಗುವುದಿಲ್ಲ, ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕು. ಮೊದಲು ನೆಂಟರಿಗಷ್ಟೇ ಕಳಿಸಿ ನೋಡಿದ್ದಕ್ಕೆ ಇದು ಗೊತ್ತಾಯಿತು. "ನೀ ಕಳಿಸಿದ ಜಾಗದಲ್ಲಿ ಪಂಕ್ಚರ್ ಅಂಗಡಿ ಇದ್ದು ಮಾರಾಯ್ತಿ" ಅಂತ ಚಿಕ್ಕಮ್ಮನ ಮಗ ಅಲ್ಲಿಂದಲೇ ಫೋನ್ ಮಾಡಿದ. ಇನ್ನೊಂದು, ಹಾಗೆ ಕಳಿಸಿದ ಪಿನ್ನಿಗೆ ಅಂಗಡಿಯ ಹೆಸರೂ ಇರುವುದಿಲ್ಲ. ಲೈವ್ ಲೊಕೇಶನ್ ಅಂತೂ ಬೇಡವೇ ಬೇಡ, ಗರಿಷ್ಠ 8 ಗಂಟೆಗೆ ನಿಂತುಹೋಗುತ್ತದೆ, ಅಲ್ಲಿಯವರೆಗೆ ಫೋನ್ ಹೋದಲ್ಲೆಲ್ಲ ಅಂಗಡಿಯೂ ಹೋಗುತ್ತದೆ.

ಪರಿಹಾರ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದ್ರೆ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ವಿಳಾಸ ಕಾಣಿಸುವ ಪುಟ. ಹಳೇ ಅಂಗಡಿಯ ವಿಳಾಸ ತಿದ್ದಬೇಡಿ, ಹಾಗೆ ಮಾಡಿದರೆ ಶಿರಸಿ ಅಂಗಡಿಯೇ ಅಂಕೋಲಾಕ್ಕೆ ಎದ್ದು ಹೋದಂತೆ ಕಾಣುತ್ತದೆ. ಅದೇ ಖಾತೆಯಲ್ಲಿ ಎರಡನೇ ಜಾಗ ಅಂತ ಸೇರಿಸಬೇಕು. ವಿಳಾಸ ತುಂಬುವಲ್ಲಿ ಮ್ಯಾಪಿನ ಮೇಲೆ ಪಿನ್ನನ್ನು ಬೆರಳಲ್ಲಿ ಎಳೆದು ಸರಿಯಾಗಿ ನಮ್ಮ ಬಾಗಿಲ ಮುಂದೆ ಕೂರಿಸಬಹುದು. ಪ್ರಾರಂಭದ ದಿನಾಂಕ ಹಾಕಿದರೆ 90 ದಿನ ಮುಂಚಿನಿಂದಲೇ ಪ್ರೊಫೈಲ್ ಕಾಣಿಸಬಹುದು. ಆದರೆ ಅಂಗಡಿ ನಿಮ್ಮದೇ ಅಂತ ಸಾಬೀತು ಮಾಡೋಕೆ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ, ಮಧ್ಯೆ ನಿಲ್ಲಿಸದ ಹಾಗೆ: ರಸ್ತೆ, ಬೋರ್ಡು, ಬೀಗ ತೆಗೆದು ಶಟರ್ ಎತ್ತುವುದು. ಪರಿಶೀಲನೆಗೆ ಐದು ಕೆಲಸದ ದಿನಗಳವರೆಗೆ ಹಿಡಿಯಬಹುದು. ಅಂದ್ರೆ ಬೋರ್ಡು ಪೂಜೆಯ ಹಿಂದಿನ ದಿನ ಬಂದರೆ ಕೆಲಸ ಕೆಟ್ಟಿತು. ಅಲ್ಲಿ ಆಫರ್ ಪೋಸ್ಟ್ ಕೂಡ ಹಾಕಬಹುದು, ಹಾಕಿದೆ. ಅದನ್ನು ನೋಡಿ ಬಂದೆ ಅಂದವರು ನನಗಂತೂ ಯಾರೂ ಸಿಗಲಿಲ್ಲ.

ಕೊನೆಗೆ ಪ್ರೊಫೈಲಿನ ಶೇರ್ ಬಟನ್ನಿನಿಂದ ಬಂದ ಲಿಂಕ್ ಹಾಕಿ ಬ್ರಾಡ್‌ಕಾಸ್ಟಿನಲ್ಲಿ ಕಳಿಸಿದ್ದು ಇದು:

"ನಮಸ್ಕಾರ, ಶಿರಸಿಯಿಂದ ನಿಮಗೆ ಉಪ್ಪಿನಕಾಯಿ ಕಳಿಸುವವರು. ನವೆಂಬರ್ 9, ಭಾನುವಾರ ಬೆಳಿಗ್ಗೆ 10ಕ್ಕೆ ಅಂಕೋಲಾದಲ್ಲೂ ಅಂಗಡಿ ತೆರೆಯುತ್ತಿದ್ದೇವೆ. ಬಾಳೆಗುಳಿ ಕ್ರಾಸ್ ಹತ್ತಿರ, ಕುಮಟಾದಿಂದ ಕಾರವಾರಕ್ಕೆ ಹೋಗುವಾಗ ಎಡಗಡೆ. ಮ್ಯಾಪ್ ಕೆಳಗಿದೆ. 16ನೇ ತಾರೀಕಿನವರೆಗೆ ಅರ್ಧ ಕೆಜಿ ಅಪ್ಪೆಮಿಡಿ ತೆಗೆದುಕೊಂಡವರಿಗೆ ಒಂದು ಕಟ್ಟು ಹಲಸಿನ ಹಪ್ಪಳ ಉಚಿತ, ಅಂಕೋಲಾ ಅಂಗಡಿಯಲ್ಲಿ ಮಾತ್ರ. ಇಂಥ ಮೆಸೇಜು ಬೇಡವಾದರೆ 'ಬೇಡ' ಅಂತ ಬರೆಯಿರಿ, ಪಟ್ಟಿಯಿಂದ ತೆಗೆಯುತ್ತೇನೆ."

ಎಡಗಡೆ ಅನ್ನೋ ಮಾತು ಬೇಕೇಬೇಕು. ಬರೀ ಲಿಂಕ್ ಕಂಡರೆ ಈಗ ಯಾರೂ ಒತ್ತುವುದಿಲ್ಲ, ಅದು ಒಳ್ಳೇ ಅಭ್ಯಾಸವೇ. ಯಾವ ಬದಿ ಅಂತ ಬರೆದಿದ್ದರೆ ಲಿಂಕ್ ಒತ್ತದೆಯೂ ಬರಬಹುದು. "ಭರ್ಜರಿ", "ತ್ವರೆ ಮಾಡಿ", ಸಾಲು ಸಾಲು ಆಶ್ಚರ್ಯ ಚಿಹ್ನೆ ಎಲ್ಲಾ ತಮ್ಮ ಸೇರಿಸಿದ್ದ, ನಾನು ತೆಗೆದೆ. ಮುಗಿಯುವ ತಾರೀಕು ಮಾತ್ರ ಬಿಡಲಿಲ್ಲ, ಯಾಕಂದ್ರೆ ಮೆಸೇಜು ಫೋನಿನಿಂದ ಫೋನಿಗೆ ಹೋಗುತ್ತಲೇ ಇರುತ್ತದೆ, ಡಿಸೆಂಬರಿನಲ್ಲಿ ಬಂದು ಹಪ್ಪಳ ಕೇಳಿದರೆ ಕೊಡದೇ ಇರೋಕೂ ಆಗುವುದಿಲ್ಲ.

ಬೇಡ ಅಂದವರೂ ಇದ್ದಾರೆ, ಅವರನ್ನು ಆವತ್ತೇ ತೆಗೆದೆ. ಉಳಿದವರಲ್ಲಿ ಸುಮಾರು ಜನ ಕೇಳಿದ್ದು ಆಫರ್ ಬಗ್ಗೆ ಅಲ್ಲವೇ ಅಲ್ಲ, "ಅಲ್ಲಿ ಜೋನಿಬೆಲ್ಲ ಸಿಗುತ್ತದಾ?" ಅಂತ. ಒಬ್ಬೊಬ್ಬರಿಗೂ ಉತ್ತರ ಬರೆಯುವ ಪುರುಸೊತ್ತು ನನಗಿದೆ, ಗಿರಾಕಿಗಳೂ ಒಂದೆರಡು ಪಟ್ಟಿಯಲ್ಲಿ ಮುಗಿಯುತ್ತಾರೆ, ಹಾಗಾಗಿ ಇದು ಹಿಡಿಸಿತು. ಸಾವಿರಾರು ನಂಬರ್ ಇರುವ ಬಟ್ಟೆ ಅಂಗಡಿಯವರಿಗೆ, ವರ್ಷಕ್ಕೆ ಹತ್ತು ಸಲ ಸೇಲ್ ಮಾಡುವವರಿಗೆ ಡಿಎಲ್‌ಟಿ ನೋಂದಣಿ ಮಾಡಿಸಿಕೊಂಡರೆ ಗಿಟ್ಟಬಹುದು. ಕನ್ನಡದಲ್ಲಿ ಬರೆಯುವುದಾದರೆ ಮೊದಲು ಅಕ್ಷರ ಎಣಿಸಿಕೊಳ್ಳಿ.