ಫಿಟ್ಟಿಂಗ್ ತಗೊಳ್ಳೋದಾ, ಲೂಸ್ ತಗೊಳ್ಳೋದಾ? ಕೊಡಗಿನ ಲೆಕ್ಕ

ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಓಡಾಡೋರಿಗೆ ಲೂಸ್ ಶರ್ಟೇ ಸರಿ, ಯಾಕಂದ್ರೆ ನಡೆಯುವಾಗ ಬಟ್ಟೆ ಅಲ್ಲಾಡಿ ಒಳಗಿನ ಬಿಸಿಗಾಳಿ ಕಾಲರ್, ತೋಳಿಂದ ಆಚೆ ಹೋಗುತ್ತೆ, ಬೆವರೂ ಬೇಗ ಆರುತ್ತೆ. ಫಿಟ್ಟಿಂಗ್ ಕಾಟನ್ ಆದ್ರೆ ಒದ್ದೆಯಾಗಿ ಬೆನ್ನಿಗೆ ಅಂಟ್ಕೊಂಡು ಬಿಡುತ್ತೆ.

ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರಕ್ಕೆ ಮಡಿಕೇರಿಲಿ ಎದ್ದು ಕಾಫಿ ಕೊಯ್ಲಿಗೆ ಹೊರಟ್ರೆ ಕಥೆನೇ ಬೇರೆ. ಬೆಚ್ಚಗಿಡೋದು ಬಟ್ಟೆ ಮಧ್ಯೆ ಕದಲದೆ ನಿಂತಿರೋ ಗಾಳಿ, ಹಾಗಾಗಿ ಮೈಗೆ ತಾಗೋ ಬನಿಯನ್ ಫಿಟ್ ಇರ್ಲಿ, ಮೇಲ್ಮೇಲಿಂದು ಸ್ವಲ್ಪ ಸ್ವಲ್ಪ ದೊಡ್ಡದು. ನನ್ನ ಎದೆ 38 ಇಂಚು, ಶರ್ಟ್ ಸುತ್ತಳತೆ 42, ಸ್ವೆಟರ್ 44, ಜಾಕೆಟ್ 47. ಮೊದ್ಲು ಸ್ಟೈಲ್ ಅಂತ 42ರ ಜಾಕೆಟ್ ತಗೊಂಡು ಸ್ವೆಟರ್ ಮೇಲೆ ತುರುಕಿದ್ದೆ, ಉಣ್ಣೆ ಚಪ್ಪಟೆಯಾಗಿ ಇನ್ನೂ ಚಳಿ ಆಯ್ತು, ಗಿಡದ ಮೇಲಿನ ಕೊಂಬೆಗೆ ಕೈ ಎತ್ತಿದ್ರೆ ಸೊಂಟ ಆಚೆ! ಅಂಗಡೀಲಿ ಸ್ವೆಟರ್ ಹಾಕ್ಕೊಂಡೇ ಟ್ರೈ ಮಾಡಿ, ಕೈ ಎತ್ತಿ ನೋಡಿ.

ತೀರಾ ದೊಗಳೆನೂ ಬೇಡ, ಕೆಳಗಿಂದ ಗಾಳಿ ನುಗ್ಗುತ್ತೆ, ಸೊಂಟದಲ್ಲಿ ಲಾಡಿ ಇರೋದಾದ್ರೆ ಪರವಾಗಿಲ್ಲ. ಹತ್ತು ಗಂಟೆಗೆ ಬಿಸಿಲೇರಿದ್ಮೇಲೆ ಹೆಂಗೂ ಒಂದೊಂದೇ ಬಿಚ್ಚಿ ಗಿಡಕ್ಕೆ ನೇತಾಕೋದೇ.