ಓಸಿಡಿ, ಸಿಸಿಡಿ, 'ದರ ಆಮೇಲೆ' ಸಿಸಿಡಿ: ಲೆಕ್ಕ ಬರೆಯುವವನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ಪರಿವರ್ತನೆಯ ದರ ಕರಾರಿನಲ್ಲೇ ನಿಗದಿಯಾಗಿರುವ ಸಿಸಿಡಿ, ಅಂದರೆ ಕಡ್ಡಾಯವಾಗಿ ಷೇರಾಗುವ ಡಿಬೆಂಚರ್, ನನ್ನ ಆಯ್ಕೆ. ನಮ್ಮದು ಸಣ್ಣ ಕಂಪನಿಯಾದರೂ ಲಿಸ್ಟೆಡ್ ಕಂಪನಿಯೊಂದರ ಅಂಗಸಂಸ್ಥೆ. ಹಾಗಾಗಿ ಇಂಡ್ ಎಎಸ್ 32 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಸಾಲದ ಭಾಗ, ಈಕ್ವಿಟಿ ಭಾಗ ಬೇರ್ಪಡಿಸುವುದು ತಪ್ಪಿದ್ದಲ್ಲ. ಬಂಡವಾಳ ಎತ್ತಿದ ಬೇರೆ ಬೇರೆ ಸುತ್ತುಗಳಲ್ಲಿ ಮೂರೂ ಬಗೆಯ ಡಿಬೆಂಚರ್‌ಗಳ ಲೆಕ್ಕ ನನ್ನ ಕೈಯಲ್ಲಿ ಹಾದುಹೋಗಿದೆ.

ಹೋಲಿಕೆ ಸುಲಭವಾಗಲೆಂದು ಮೂರಕ್ಕೂ ಒಂದೇ ಅಳತೆ ಇಟ್ಟುಕೊಳ್ಳೋಣ: ₹1 ಕೋಟಿ, 3 ವರ್ಷ, ವರ್ಷದ ಕೊನೆಗೆ ಶೇ 8 ಬಡ್ಡಿ.

ಹೂಡಿಕೆದಾರರು ಬೇಕಾದರೆ ಷೇರು, ಬೇಡವಾದರೆ ಹಣ ಪಡೆಯುವ ಓಸಿಡಿಯಲ್ಲಿ ಮೊದಲು ಸಾಲದ ಭಾಗ ಕಟ್ಟಬೇಕು. ಪರಿವರ್ತನೆಯ ಹಕ್ಕೇ ಇಲ್ಲದಿದ್ದರೆ ಇದೇ ಹಣಕ್ಕೆ ಮಾರುಕಟ್ಟೆ ಎಷ್ಟು ಬಡ್ಡಿ ಕೇಳುತ್ತಿತ್ತು? ಶೇ 12 ಅನ್ನೋಣ. ಎಕ್ಸೆಲ್‌ನಲ್ಲಿ:

```
=PV(12%,3,-800000,-10000000)
```

ಉತ್ತರ ₹90,39,267. ಉಳಿದ ₹9,60,733 ಈಕ್ವಿಟಿ. ಈ ಈಕ್ವಿಟಿಯನ್ನು ಮತ್ತೆ ಮೌಲ್ಯಮಾಪನ ಮಾಡುವಂತಿಲ್ಲ. ಹೂಡಿಕೆದಾರರು ಷೇರು ಬೇಡವೆಂದರೂ ಅದು ಲಾಭ-ನಷ್ಟ ಖಾತೆಗೆ ಬರುವುದಿಲ್ಲ. ಸಾಲದ ಮೇಲೆ ಮೊದಲ ವರ್ಷದ ಬಡ್ಡಿ ₹10.85 ಲಕ್ಷ. ಕೈಯಿಂದ ಕೊಡುವುದು 8 ಲಕ್ಷ. ವ್ಯತ್ಯಾಸ ಸಾಲಕ್ಕೆ ಸೇರುತ್ತಾ ಹೋಗಿ ಮೂರನೇ ವರ್ಷದ ಕೊನೆಗೆ ಸರಿಯಾಗಿ 1 ಕೋಟಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಕೋಷ್ಟಕದಲ್ಲಿ ಎಲ್ಲೋ ತಪ್ಪಿದೆ.

ಇಲ್ಲಿ ಆಡಿಟರ್ ಹಿಡಿಯುವುದು ಆ ಶೇ 12 ಎಲ್ಲಿಂದ ಬಂತು ಎಂಬುದನ್ನೇ. ಬ್ಯಾಂಕಿನ ಅಡಮಾನ ಸಾಲದ ದರ ತೋರಿಸಿದರೆ ಒಪ್ಪುವುದಿಲ್ಲ, ಡಿಬೆಂಚರ್‌ಗೆ ಅಡಮಾನ ಇಲ್ಲವಲ್ಲ. ಶೇ 14 ಹಿಡಿದರೆ ಈಕ್ವಿಟಿ ₹13.93 ಲಕ್ಷಕ್ಕೆ ಏರುತ್ತದೆ.

ನಿಗದಿತ ದರದ ಸಿಸಿಡಿಯಲ್ಲಿ, ₹200ರಂತೆ 50,000 ಷೇರು ಎಂದು ಕರಾರಾಗಿದ್ದರೆ, ಅಸಲು ವಾಪಸ್ ಕೊಡುವ ಮಾತೇ ಇಲ್ಲ. ಸಾಲವೆಂದರೆ ಮೂರು ಬಡ್ಡಿ ಕಂತುಗಳ ಇಂದಿನ ಬೆಲೆ ಮಾತ್ರ, ₹19,21,465. ಮಿಕ್ಕ ₹80.79 ಲಕ್ಷ ಈಕ್ವಿಟಿ. ಮೊದಲ ವರ್ಷ 8 ಲಕ್ಷ ಕೊಟ್ಟರೂ ಬಡ್ಡಿ ಖರ್ಚು ₹2.31 ಲಕ್ಷ, ಉಳಿದದ್ದು ಸಾಲದ ತೀರುವಳಿ. ಎಂಡಿ ಇದನ್ನು ನಂಬಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು, ಆದರೆ ಬ್ಯಾಂಕಿನವರಿಗೆ ಆಸ್ತಿ-ಹೊಣೆ ಪಟ್ಟಿ ಕಳಿಸುವಾಗ ಎಂಡಿಯ ಮುಖ ಅರಳಿತ್ತು.

ಈಗ ಮೂರನೆಯದು, ದರ ಆಮೇಲೆ ನಿಗದಿಯಾಗುವ ಸಿಸಿಡಿ, ತಲೆನೋವಿನದು. 'ಮುಂದಿನ ಸುತ್ತಿನ ಷೇರು ದರಕ್ಕಿಂತ ಶೇ 20 ಕಡಿಮೆ, ಆದರೆ ₹250 ಮೀರಬಾರದು' ಎಂಬ ಕಲಂ ಇತ್ತು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಕಂಪನಿಯ ಬೆಲೆ ಕಟ್ಟುವ ಜಗಳ ಮುಂದಕ್ಕೆ ಹೋಗುತ್ತದೆ. ಆದರೆ ಈಕ್ವಿಟಿ ಅನ್ನಿಸಿಕೊಳ್ಳಲು ನಿಗದಿತ ಮೊತ್ತಕ್ಕೆ ನಿಗದಿತ ಸಂಖ್ಯೆಯ ಷೇರು ಇರಬೇಕು. ಇಲ್ಲಿ ಷೇರು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಈಕ್ವಿಟಿ ಸೊನ್ನೆ, ಇಡೀ ಡಿಬೆಂಚರ್ ಹೊಣೆ. ನಾವು ಅದನ್ನು ಪೂರ್ತಿ ನ್ಯಾಯಯುತ ಮೌಲ್ಯದಲ್ಲೇ ಇಟ್ಟೆವು. ಮೌಲ್ಯ ಬದಲಾದಾಗಲೆಲ್ಲ ವ್ಯತ್ಯಾಸ ಲಾಭ-ನಷ್ಟಕ್ಕೆ.

ಷೇರಿನ ಬೆಲೆ ₹300 ಆದರೆ ಪರಿವರ್ತನೆ ದರ ₹240, ಕೊಡಬೇಕಾದ ಷೇರುಗಳ ಬೆಲೆ ಸುಮಾರು ₹1.25 ಕೋಟಿ. ವ್ಯಾಪಾರ ಚೆನ್ನಾಗಿ ನಡೆದು ಬೆಲೆ ₹400 ಮುಟ್ಟಿದರೆ ಶೇ 20 ಕಳೆದು ₹320 ಆಗಬೇಕಿತ್ತು. ಮಿತಿ ಅದನ್ನು ₹250ಕ್ಕೆ ಕಟ್ಟಿಹಾಕುತ್ತದೆ. 40,000 ಷೇರು ಕೊಡಬೇಕು, ಬೆಲೆ ₹1.60 ಕೋಟಿ. ಆರ್ಡರ್ ಹೆಚ್ಚಿದ ವರ್ಷವೇ ₹35 ಲಕ್ಷದ ನಷ್ಟ! ಮಾರಾಟದವರು ಸ್ವೀಟ್ ಹಂಚುತ್ತಿದ್ದಾಗ ನಾನು ನಷ್ಟದ ವಿವರಣೆ ಬರೆಯುತ್ತಿದ್ದೆ. ಮಾತೃ ಕಂಪನಿ ತ್ರೈಮಾಸಿಕ ಫಲಿತಾಂಶ ಕೊಡುವುದರಿಂದ ಪ್ರತಿ ಮೂರು ತಿಂಗಳಿಗೆ ವ್ಯಾಲ್ಯುಯರ್ ವರದಿ, ಅದರ ಶುಲ್ಕ, ಅದರ ಮೇಲೆ ಆಡಿಟರ್ ಪ್ರಶ್ನೆಗಳು.

ನಿಗದಿತ ದರದ ಸಿಸಿಡಿಯಲ್ಲೂ ಒಂದು ಕಲಂ ಮೇಲೆ ಕಣ್ಣಿರಲಿ. ಬೋನಸ್ ಷೇರು, ಷೇರು ವಿಭಜನೆಗೆ ತಕ್ಕಂತೆ ಸಂಖ್ಯೆ ಹೊಂದಿಸಿದರೆ ಅಡ್ಡಿಯಿಲ್ಲ. ಮುಂದೆ ಕಡಿಮೆ ದರಕ್ಕೆ ಷೇರು ಕೊಟ್ಟರೆ ಈ ಹೂಡಿಕೆದಾರರಿಗೂ ದರ ಇಳಿಯುತ್ತದೆ ಎಂಬ ಒಂದು ಸಾಲು ಸೇರಿದರೆ ಮಾತ್ರ ಮೂರನೆಯ ಗುಂಪಿಗೆ ಜಾರಿದಂತೆಯೇ.

ತೆರಿಗೆ ಲೆಕ್ಕದಲ್ಲಿ ಈ ವಿಭಜನೆ ಇಲ್ಲದಿದ್ದರೆ ಡಿಫರ್ಡ್ ಟ್ಯಾಕ್ಸ್ ಹುಟ್ಟುತ್ತದೆ. ಅದರ ಮೊದಲ ನಮೂದು ಈಕ್ವಿಟಿ ಭಾಗದಿಂದಲೇ ಕಳೆಯಬೇಕು.

ನನಗೆ ಎಕ್ಸೆಲ್‌ನ ಒಂದು ಹಾಳೆಯಲ್ಲಿ ಮುಗಿಯುವ ಕೆಲಸ ಇಷ್ಟ, ವ್ಯಾಲ್ಯುಯರ್‌ಗೆ ಕೊಡಲು ಬಜೆಟ್ಟೂ ಇಲ್ಲ. ಹೂಡಿಕೆದಾರರು ಹಣ ವಾಪಸ್ ಬರುವ ದಾರಿ ಬೇಕೇ ಬೇಕೆಂದರೆ ಓಸಿಡಿಗೆ ಒಪ್ಪುತ್ತೇನೆ. ಇಂಡ್ ಎಎಸ್ ಅನ್ವಯಿಸದ, ಹಳೆಯ ಎಎಸ್‌ನಲ್ಲೇ ಇರುವ ಕಂಪನಿಗಳಿಗೆ ಮೂರನೆಯದು ಇಷ್ಟು ಕಾಡುವುದಿಲ್ಲ. ಅಲ್ಲಿ ಡಿಬೆಂಚರ್ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಸಾಲವಾಗಿ ಕೂತಿರುತ್ತದೆ.