ಕಂತಿನಲ್ಲಿ ಬರುವ ಬಾಡಿಗೆ, ಬೇರೆಯವರ ಖಾತೆಯಿಂದ ಬರುವ ಬಾಡಿಗೆ: ತಾಳೆ ಹಾಕಲು ನಾನು ಮಾಡಿ ನೋಡಿದ ನಾಲ್ಕು ದಾರಿ

ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಎಲ್ಲರೂ ತಿಂಗಳಿಗೊಮ್ಮೆ ಪೂರ್ತಿ ದುಡ್ಡು ತಮ್ಮದೇ ಖಾತೆಯಿಂದ ಹಾಕಿದ್ದರೆ ಈ ಬರಹವೇ ಬೇಕಿರಲಿಲ್ಲ. ಒಬ್ಬರು ಎರಡು ಮೂರು ಕಂತಿನಲ್ಲಿ ಕೊಡುತ್ತಾರೆ. ಇನ್ನೊಬ್ಬರ ಬಾಡಿಗೆ ಒಂದು ತಿಂಗಳು ತಮ್ಮನ ಖಾತೆಯಿಂದ ಬಂದರೆ ಮುಂದಿನ ತಿಂಗಳು ಭಾವನ ಆ್ಯಪ್‌ನಿಂದ ಬರುತ್ತದೆ. ಅವರ ಕಷ್ಟ ಅವರಿಗೆ, ಅದು ತಪ್ಪೇನಲ್ಲ. ಆದರೆ ಯಾರದು ಬಂತು, ಯಾರದು ಬಾಕಿ ಅಂತ ಸರಿಯಾಗಿ ಹೇಳಬೇಕಾದವನು ನಾನು ಅಲ್ವಾ?

ಮೊದಲು ಮಾಡಿದ್ದು ಎಲ್ಲರೂ ಮಾಡುವ ಚೌಕದ ಪಟ್ಟಿ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಮನೆ, ಒಳಗೆ ಬಂದ ಮೊತ್ತ. ಒಂದೇ ನೋಟಕ್ಕೆ ಎಲ್ಲ ಕಾಣುತ್ತದೆ, ಅದು ಇದರ ದೊಡ್ಡ ಲಾಭ. ತೊಂದರೆ ಏನೆಂದರೆ ಒಂದು ಚೌಕದಲ್ಲಿ ಒಂದೇ ಸಂಖ್ಯೆಗೆ ಜಾಗ. ಎರಡನೇ ಕಂತು ಬಂದಾಗ 8,000 ಅಳಿಸಿ 12,000 ಅಂತ ಬರೆದರೆ, ಆ ಎರಡು ಕಂತು ಯಾವಾಗ ಬಂದವು, ಯಾರಿಂದ ಬಂದವು ಅನ್ನುವುದು ಅಲ್ಲಿಗೇ ಅಳಿಸಿ ಹೋಯಿತು.

ಇದರಲ್ಲೇ ನಾನು ಒಂದು ಸಲ ದೊಡ್ಡ ತಪ್ಪು ಮಾಡಿದೆ. ಮೇಲಿನ ಮನೆಯ ಬಾಡಿಗೆ 12,000, ಅದರಲ್ಲಿ 8,000 ಮೂರನೇ ತಾರೀಖಿಗೆ ಬಂದಿತ್ತು. ಹಿಂದಿನ ಮನೆಯದು 9,000, ಅದರಲ್ಲಿ 5,000 ಬಂದಿತ್ತು. ಅಂದರೆ ಇಬ್ಬರದೂ 4,000 ಬಾಕಿ. ಹನ್ನೊಂದನೇ ತಾರೀಖಿಗೆ ಗೊತ್ತಿಲ್ಲದ ಹೆಸರಿನಿಂದ 4,000 ಜಮಾ ಆಯಿತು. ಸ್ಟೇಟ್‌ಮೆಂಟ್‌ನಲ್ಲಿ ಆ ಹೆಸರೂ ಅರ್ಧಕ್ಕೇ ನಿಂತಿತ್ತು. ಹಿಂದಿನ ಮನೆಯವರು ಎರಡು ದಿನದ ಹಿಂದೆ ಫೋನ್ ಮಾಡಿ "ಉಳಿದದ್ದು ಈ ವಾರ ಹಾಕ್ತೀನಿ" ಅಂದಿದ್ದರು, ಮೊತ್ತವೂ ಸರಿಹೋಗುತ್ತದೆ, ಹಾಗಾಗಿ ಅವರ ಚೌಕಕ್ಕೇ ಬರೆದೆ. ತಿಂಗಳ ಕೊನೆಗೆ ಮೇಲಿನ ಮನೆಯವರನ್ನು ಬಾಕಿ ಕೇಳಿದೆ. "ಸರ್, ನನ್ನ ತಮ್ಮ ಅವತ್ತೇ ಹಾಕಿದಾನಲ್ಲ" ಅಂತ ಅವರು ಸ್ಕ್ರೀನ್‌ಶಾಟ್ ತೋರಿಸಿದರು. ಅದರ ರೆಫರೆನ್ಸ್ ನಂಬರನ್ನು ನನ್ನ ಸ್ಟೇಟ್‌ಮೆಂಟ್ ಪಕ್ಕ ಇಟ್ಟು ಒಂದೊಂದೇ ಅಂಕಿ ನೋಡಿದೆ. ಅದೇ ಸಾಲು. ಕೊಟ್ಟವರನ್ನೇ ಮತ್ತೆ ಕೇಳಿದೆನಲ್ಲ ಅಂತ ನಿಜಕ್ಕೂ ಬೇಜಾರಾಯಿತು.

ಎರಡನೇ ದಾರಿ, ಬಾಲದ ಅಂಕಿ. ಪ್ರತಿ ಮನೆಗೂ ಬಾಡಿಗೆಯ ಕೊನೆಯಲ್ಲಿ ಮನೆ ನಂಬರ್ ಸೇರಿಸಿ ಹಾಕಲು ಹೇಳುವುದು. ಒಂದನೇ ಮನೆಯವರು 12,001, ಎರಡನೇ ಮನೆಯವರು 9,002, ಹೀಗೆ. ಯಾರ ಖಾತೆಯಿಂದ ಬಂದರೂ ಮೊತ್ತವೇ ಮನೆಯನ್ನು ಹೇಳುತ್ತದೆ. ಒಂದೇ ಸಲ ಪೂರ್ತಿ ಹಾಕುವವರಿಗೆ ಇದು ತುಂಬಾ ಚೆನ್ನಾಗಿದೆ, ಒಂದು ಮನೆಗೆ ಈಗಲೂ ಇಟ್ಟುಕೊಂಡಿದ್ದೇನೆ. ಕಂತು ಶುರುವಾದರೆ ಮಾತ್ರ ಕೆಲಸಕ್ಕೆ ಬರುವುದಿಲ್ಲ. ಮೊದಲ ಕಂತು 8,000 ಅಂತ ಬೋಳಾಗಿ ಬರುತ್ತದೆ, ಬಾಲ ಕೊನೆಯ ಕಂತಿಗೆ ಮಾತ್ರ. ಪ್ರತಿ ಕಂತಿಗೂ ಬಾಲ ಹಾಕಿ ಅಂದರೆ 8,001 ಮತ್ತು 4,001 ಸೇರಿ 12,002 ಆಗುತ್ತದೆ, ಆಮೇಲೆ ಆ ಚಿಲ್ಲರೆ ಹೊಂದಿಸುವುದೇ ಇನ್ನೊಂದು ಲೆಕ್ಕ. ಇನ್ನು ಭಾವನಿಗೆ ಈ ಬಾಲದ ವಿಷಯ ಯಾರೂ ಹೇಳಿರುವುದಿಲ್ಲ.

ಮೂರನೆಯದು ಬಾಡಿಗೆ ಲೆಕ್ಕದ ಆ್ಯಪ್. ಸ್ಟೇಟ್‌ಮೆಂಟ್ ಫೈಲ್ ಕೊಟ್ಟರೆ ತಾನೇ ತಾಳೆ ಹಾಕುತ್ತದೆ ಅಂದರು. ಹಾಕುತ್ತದೆ, ಆದರೆ ನಾನು ಬಳಸಿದ್ದು ನೋಡುತ್ತಿದ್ದದ್ದು ಎರಡೇ ವಿಷಯ, ಮೊತ್ತ ಮತ್ತು ಹೆಸರು. ಹೆಸರು ಹೊಂದದಿದ್ದರೆ ಅದೇ ಮೊತ್ತದ ಹಳೇ ಬಾಕಿಯನ್ನು ಸೂಚಿಸುತ್ತಿತ್ತು, ಅಂದರೆ ನಾನು ಕೈಯಲ್ಲಿ ಮಾಡಿದ ತಪ್ಪನ್ನೇ ಅದು ಬೇಗ ಮಾಡುತ್ತಿತ್ತು. ನನಗೆ ಸಾಕಾಗಿದ್ದು ಇನ್ನೊಂದಕ್ಕೆ: ಒಂದು ಕಂತು ಕೊಟ್ಟವರಿಗೂ ಪೂರ್ತಿ ಬಾಡಿಗೆ ಬಾಕಿ ಅಂತ ನೆನಪಿನ ಸಂದೇಶ ತಾನಾಗೇ ಹೋಗುತ್ತಿತ್ತು. ಹತ್ತಿಪ್ಪತ್ತು ಮನೆ ಇದ್ದು ಬಹುಪಾಲು ಜನ ಪೂರ್ತಿ ಹಾಕುವವರಾದರೆ ಇಂಥದ್ದು ಸಮಯ ಉಳಿಸುತ್ತದೆ. ನನ್ನ ನಾಲ್ಕು ಮನೆಗೆ ಅಲ್ಲ.

ನಾಲ್ಕನೆಯದು ನಾನು ಈಗ ಮಾಡುತ್ತಿರುವುದು, ಎರಡು ಹಾಳೆಯ ಲೆಕ್ಕ. ಒಂದು ಹಾಳೆ ಜಮಾಕ್ಕೆ, ಇನ್ನೊಂದು ಬಾಕಿಗೆ. ಜಮಾ ಹಾಳೆಯಲ್ಲಿ ಸ್ಟೇಟ್‌ಮೆಂಟಿನ ಒಂದು ಸಾಲಿಗೆ ಒಂದೇ ಸಾಲು: ತಾರೀಖು, ಮೊತ್ತ, ರೆಫರೆನ್ಸ್ ನಂಬರ್, ಅಲ್ಲಿ ಕಂಡಂತೆ ಹೆಸರು, ಕೊನೆಗೆ ಯಾವ ಮನೆ. ಬರೆಯುವುದು ಸ್ಟೇಟ್‌ಮೆಂಟ್ ನೋಡಿ ಮಾತ್ರ. ಸ್ಕ್ರೀನ್‌ಶಾಟ್ ನೋಡಿ ಒಂದು ಸಲ, ಸ್ಟೇಟ್‌ಮೆಂಟ್ ನೋಡಿ ಇನ್ನೊಂದು ಸಲ ಬರೆದು ಒಂದೇ ದುಡ್ಡು ಎರಡಾಗುವುದು ಇಲ್ಲಿ ಜಾಸ್ತಿ ಆಗುವ ತಪ್ಪು. ಸ್ಕ್ರೀನ್‌ಶಾಟ್‌ನ ಕೆಲಸ ಮನೆ ಯಾವುದು ಅಂತ ಹೇಳುವುದಷ್ಟೇ, ದುಡ್ಡು ಬಂದಿದೆ ಅಂತ ಹೇಳುವುದಲ್ಲ.

ಗೊತ್ತಿಲ್ಲದ ಹೆಸರು ಬಂದರೆ ಮನೆಯ ಜಾಗದಲ್ಲಿ "ಗೊತ್ತಿಲ್ಲ" ಅಂತಲೇ ಬರೆಯುತ್ತೇನೆ. ಊಹೆ ಮಾಡಿ ತುಂಬುವುದಿಲ್ಲ. ಬಾಕಿ ಇರುವವರನ್ನು "ನಿಮ್ಮ ಕಡೆಯಿಂದ ಯಾರಾದರೂ ಹಾಕಿದ್ದಾರಾ, ರೆಫರೆನ್ಸ್ ನಂಬರಿನ ಕೊನೆಯ ಆರು ಅಂಕಿ ಹೇಳಿ" ಅಂತ ಕೇಳುತ್ತೇನೆ. ಮೊತ್ತವನ್ನಾಗಲಿ ಹೆಸರನ್ನಾಗಲಿ ನಾನಾಗಿ ಹೇಳುವುದಿಲ್ಲ, ಹೇಳಿಬಿಟ್ಟರೆ ಸುಮ್ನೆ ಹೌದು ಅನ್ನುವುದು ಸುಲಭ. ಅಂಕಿ ಹೊಂದಿದರೆ ಮನೆ ಬರೆಯುವುದು. ಯಾವ ಹೆಸರು ಯಾವ ಮನೆಯ ಕಡೆಯವರದು ಅಂತ ಪಕ್ಕದಲ್ಲಿ ಚಿಕ್ಕ ಪಟ್ಟಿ ಇದೆ, ಆದರೂ ಹೊಸ ಜಮಾಕ್ಕೆ ಅದನ್ನೇ ತೀರ್ಪು ಅಂದುಕೊಳ್ಳಬಾರದು. ಒಬ್ಬರ ಖಾತೆಯಿಂದ ಎರಡು ಮನೆಯ ದುಡ್ಡು ಬರಬಹುದು.

ಬಾಕಿ ಹಾಳೆಯಲ್ಲಿ ಒಂದು ಮನೆಗೆ ಈವರೆಗೆ ಬಂದ ಒಟ್ಟು ಹೀಗೆ ಸಿಗುತ್ತದೆ (B ಮೊತ್ತ, E ಮನೆ, A2 ಮನೆಯ ಹೆಸರು):

```
=SUMIFS(Jama!B:B, Jama!E:E, A2)
```

ಈವರೆಗೆ ಬರಬೇಕಾದ ಒಟ್ಟಿನಲ್ಲಿ ಇದನ್ನು ಕಳೆದರೆ ಬಾಕಿ. ಕಂತು ಎಷ್ಟಾದರೂ ತೊಂದರೆ ಇಲ್ಲ. ಯಾವ ತಿಂಗಳಿಗೆ ಅಂತ ಅವರು ಹೇಳದಿದ್ದರೆ ಹಳೇ ತಿಂಗಳಿಗೆ ಮೊದಲು ಹಾಕುತ್ತೇನೆ. ಈ ನಿಯಮವನ್ನು ಅವರಿಗೆ ಮೊದಲೇ ತಿಳಿಸಿದ್ದೇನೆ. ಮುಂಗಡವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದಕ್ಕೆ ಬೇರೆ ಹೆಸರು ಕೊಟ್ಟಿದ್ದೇನೆ.

ರೆಫರೆನ್ಸ್ ನಂಬರ್ ಬಗ್ಗೆ ಒಂದು ಎಚ್ಚರಿಕೆ. ಎಕ್ಸೆಲ್ 15 ಅಂಕಿಗಿಂತ ಉದ್ದದ ಸಂಖ್ಯೆಯನ್ನು ಪೂರ್ತಿ ಇಟ್ಟುಕೊಳ್ಳುವುದಿಲ್ಲ, ಮುಂದಿನವು ಸೊನ್ನೆಯಾಗುತ್ತವೆ. ಮೊದಲಲ್ಲಿ ಸೊನ್ನೆ ಇದ್ದರೆ ಅದನ್ನೂ ತಿಂದುಬಿಡುತ್ತದೆ. ಹಾಗಾಗಿ ಪ್ರತಿ ನಂಬರಿನ ಮುಂದೆ R ಅಕ್ಷರ ಸೇರಿಸಿ ಬರೆಯುತ್ತೇನೆ, ಆಗ ಅದು ಅಕ್ಷರಗಳಾಗಿಯೇ ಉಳಿಯುತ್ತದೆ. ಒಂದೇ ನಂಬರ್ ಎರಡು ಸಲ ಬಂದಿದೆಯಾ ಅಂತ ಇದರಿಂದ ನೋಡುತ್ತೇನೆ:

```
=COUNTIF(C:C, C2)>1
```

TRUE ಅಂತ ಬಂದರೆ ಆ ಸಾಲು ನಿಂತು ನೋಡಬೇಕಾದದ್ದು. ಬ್ಯಾಂಕ್ ಯಾವುದಾದರೂ ಜಮಾವನ್ನು ವಾಪಸ್ ತೆಗೆದರೆ ಹಳೇ ಸಾಲು ಅಳಿಸುವುದಿಲ್ಲ, ಅದೇ ಮನೆಗೆ ಮೈನಸ್ ಮೊತ್ತದ ಹೊಸ ಸಾಲು ಹಾಕುತ್ತೇನೆ. ಕೆಲವು ಸಲ ಇದಕ್ಕೂ ಹಳೇ ರೆಫರೆನ್ಸ್ ನಂಬರೇ ಇರುತ್ತದೆ, ಆಗ TRUE ಬಂದರೆ ಅದು ತಪ್ಪಲ್ಲ.

ಬಾಡಿಗೆಗೆ ಅಂತಲೇ ಬೇರೆ ಖಾತೆ ಇಟ್ಟಿರುವುದರಿಂದ ತಿಂಗಳ ಕೊನೆಯ ಪರೀಕ್ಷೆ ಸುಲಭ. "ಗೊತ್ತಿಲ್ಲ" ಸಾಲುಗಳನ್ನೂ ಸೇರಿಸಿ ಜಮಾ ಹಾಳೆಯ ಒಟ್ಟು, ಸ್ಟೇಟ್‌ಮೆಂಟಿನಲ್ಲಿ ಬಂದ ಒಟ್ಟಿನಿಂದ ವಾಪಸ್ ಹೋದದ್ದನ್ನು ಕಳೆದ ಮೊತ್ತಕ್ಕೆ ಸರಿಯಾಗಬೇಕು. ಬ್ಯಾಂಕ್ ಹಾಕಿದ ಬಡ್ಡಿ ಇದ್ದರೆ ಅದನ್ನು ಬಿಟ್ಟು. ಸರಿ ಬಂದರೂ ಮನೆ ತಪ್ಪಾಗಿರಬಹುದು, ಅದು ಒಟ್ಟಿನಲ್ಲಿ ಕಾಣುವುದಿಲ್ಲ. ಅದಕ್ಕೇ ಪ್ರತಿ ಕಂತು ಬರೆದ ದಿನವೇ ಆ ಮನೆಯವರಿಗೆ ಸಂದೇಶ ಕಳಿಸುತ್ತೇನೆ: "4,000 ಬಂತು, ನಿಮ್ಮ ತಮ್ಮನ ಖಾತೆಯಿಂದ. ಈ ತಿಂಗಳದ್ದು ಪೂರ್ತಿ ಆಯಿತು." ರಸೀದಿ ಮಾತ್ರ ಬಾಡಿಗೆದಾರರ ಹೆಸರಿಗೇ, ಯಾರ ಮೂಲಕ ಬಂತು ಅಂತ ಕೆಳಗೆ ಒಂದು ಸಾಲು.

ವಾರಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಚೌಕದ ಪಟ್ಟಿಗಿಂತ ಜಾಸ್ತಿಯೇ. ಹೋದ ತಿಂಗಳು ಹಿಂದಿನ ಮನೆಯವರಿಗೆ ಇಂಥ ಸಂದೇಶ ಕಳಿಸಿದ ಹತ್ತೇ ನಿಮಿಷಕ್ಕೆ "ಸರ್, ಇದು ನಮ್ಮದಲ್ಲ, ನಮ್ಮ ಭಾವ ಇನ್ನೂ ಹಾಕಿಲ್ಲ" ಅಂತ ಉತ್ತರ ಬಂತು. ರೆಫರೆನ್ಸ್ ನಂಬರ್ ಓದುವಾಗ ಒಂದು ಅಂಕಿ ತಪ್ಪಾಗಿ ನೋಡಿದ್ದೆ. ಆ ಸಾಲನ್ನು ಮತ್ತೆ "ಗೊತ್ತಿಲ್ಲ"ಕ್ಕೆ ಹಾಕಿದೆ.